ನಾಯಕ ಬದಲಾದರೂ ಮಾತು ಬದಲಾಗಬಾರದು: ಸರ್ವರ್‌ಗಳ ಬಹುಮತದ ಒಂದು ಚರಿತ್ರೆ, 1979–2018

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಚರಿತ್ರೆಯನ್ನು ಮೊದಲಿನಿಂದ ಹೇಳೋದು ವಾಡಿಕೆ. ನಾನು ಇವತ್ತು ಕೊನೆಯಿಂದ ಶುರು ಮಾಡ್ತೀನಿ, ಯಾಕೆಂದರೆ ಕೊನೆಯ ಘಟನೆ ಗೊತ್ತಿದ್ದರೆ ಹಿಂದಿನ ನಲವತ್ತು ವರ್ಷ ಜನ ಯಾಕೆ ತಲೆ ಕೆಡಿಸಿಕೊಂಡಿದ್ದರು ಅನ್ನೋದು ಸುಲಭವಾಗಿ ತಿಳಿಯುತ್ತದೆ.

2018ರ ಅಕ್ಟೋಬರ್ 21, ಯುಟಿಸಿ ಪ್ರಕಾರ ರಾತ್ರಿ 10 ಗಂಟೆ 52 ನಿಮಿಷ. ನಮ್ಮ ಗಡಿಯಾರದಲ್ಲಿ 22ರ ಬೆಳಗಿನ ಜಾವ 4 ಗಂಟೆ 22 ನಿಮಿಷ. ನಾವೆಲ್ಲ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್‌ನವರು ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಟ್ಟುಹೋಗುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಾಯಿಸುತ್ತಿದ್ದರು. ಆ ಕೆಲಸದಲ್ಲಿ ಅವರ ಮುಖ್ಯ ಡೇಟಾ ಸೆಂಟರ್‌ಗೂ ನೆಟ್‌ವರ್ಕ್ ಹಬ್‌ಗೂ ನಡುವಿನ ಸಂಪರ್ಕ ಕಡಿದುಹೋಯಿತು. ಎಷ್ಟು ಹೊತ್ತು? 43 ಸೆಕೆಂಡು. ಅಷ್ಟರಲ್ಲಿ ಮತ್ತೆ ಸರಿಹೋಯಿತು. ಆದರೆ ಸೇವೆ ಪೂರ್ತಿ ಸರಿಯಾಗಲು ಹಿಡಿದದ್ದು 24 ಗಂಟೆ 11 ನಿಮಿಷ.

ಇದನ್ನು ಅವರೇ ಹೊರಗಿಟ್ಟ ವರದಿಯಲ್ಲಿ ವಿವರವಾಗಿ ಬರೆದಿದ್ದಾರೆ. ಅದನ್ನು ಓದಿದಾಗ ನನ್ನನ್ನು ಕಾಡಿದ ವಿಷಯ ಒಂದೇ. ಅಲ್ಲಿ ನಾಯಕನ ಆಯ್ಕೆ ತಪ್ಪಾಗಿರಲಿಲ್ಲ. ಬಹುಮತವೂ ಸರಿಯಾಗಿಯೇ ಇತ್ತು. ಆದರೂ ಕೊನೆಗೆ ದೇಶದ ಒಂದೊಂದು ತುದಿಯಲ್ಲಿ ಒಂದೊಂದು ಸತ್ಯ ಉಳಿಯಿತು. ಅದು ಹೇಗೆ ಅನ್ನೋದಕ್ಕೆ 1979ಕ್ಕೆ ಹೋಗಬೇಕು.

ಆ ವರ್ಷ ರಾಬರ್ಟ್ ಥಾಮಸ್ ಅನ್ನುವವರು ಒಂದು ಪ್ರಬಂಧ ಪ್ರಕಟಿಸಿದರು. ಒಂದೇ ಡೇಟಾಬೇಸಿನ ಹಲವು ಪ್ರತಿಗಳು ಬೇರೆ ಬೇರೆ ಊರಿನ ಯಂತ್ರಗಳಲ್ಲಿ ಇವೆ ಅಂತ ಇಟ್ಟುಕೊಳ್ಳಿ. ಯಾರೋ ಒಂದು ಬದಲಾವಣೆ ಮಾಡಬೇಕು. ಎಲ್ಲ ಪ್ರತಿಗಳೂ ಎದ್ದಿರಲಿ ಅಂತ ಕಾದರೆ ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲುತ್ತದೆ. ಯಾವುದೋ ಒಂದು ಪ್ರತಿಯಲ್ಲಿ ಬರೆದು ಮುಗಿಯಿತು ಅಂದರೆ ಇನ್ನೊಂದು ಪ್ರತಿಯಲ್ಲಿ ಇನ್ಯಾರೋ ವಿರುದ್ಧವಾದದ್ದನ್ನು ಬರೆಯಬಹುದು. ಥಾಮಸ್ ಹೇಳಿದ್ದು ಇಷ್ಟು: ಪ್ರತಿಗಳು ಓಟು ಹಾಕಲಿ, ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಒಪ್ಪಿದರೆ ಬದಲಾವಣೆ ನಿಂತಿತು. ಅದೇ ವರ್ಷ ಡೇವಿಡ್ ಗಿಫರ್ಡ್ ಇದನ್ನು ಇನ್ನಷ್ಟು ಸಡಿಲಗೊಳಿಸಿದರು. ಓದಲು ಬೇಕಾದ ಓಟು, ಬರೆಯಲು ಬೇಕಾದ ಓಟು ಎರಡೂ ಕೂಡಿದರೆ ಒಟ್ಟು ಓಟಿಗಿಂತ ಹೆಚ್ಚಿರಬೇಕು, ಅಷ್ಟೇ ಶರತ್ತು.

ಇಲ್ಲಿ ಬಹುಮತ ಅಂದ ಕೂಡಲೇ ನಮಗೆ ಪ್ರಜಾಪ್ರಭುತ್ವ ನೆನಪಾಗುತ್ತದೆ, ಹೆಚ್ಚು ಜನರ ಇಷ್ಟ ಏನೋ ಅದು ನಡೆಯಲಿ ಅಂತ. ಸರ್ವರ್‌ಗಳಿಗೆ ಇಷ್ಟಾನಿಷ್ಟ ಇಲ್ಲ. ಇಲ್ಲಿ ಬಹುಮತದ ಕೆಲಸವೇ ಬೇರೆ. ಐದು ಸರ್ವರ್‌ಗಳಲ್ಲಿ ಯಾವುದೇ ಮೂರನ್ನು ಆರಿಸಿ, ಇನ್ನೊಮ್ಮೆ ಯಾವುದೇ ಮೂರನ್ನು ಆರಿಸಿ. ಕನಿಷ್ಠ ಒಂದು ಎರಡೂ ಗುಂಪಿನಲ್ಲಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಒಟ್ಟು ಆರು ಆಗಬೇಕಿತ್ತು. ಆ ನಡುವಿನ ಒಂದು ಸರ್ವರ್ ಸಾಕ್ಷಿ. ಹಿಂದಿನ ಗುಂಪು ಏನು ಒಪ್ಪಿತ್ತು ಅನ್ನೋದು ಅದಕ್ಕೆ ಗೊತ್ತು. ಇಡೀ ಶಾಸ್ತ್ರ ನಿಂತಿರೋದು ಆ ಒಂದು ಸಾಕ್ಷಿಯ ಮೇಲೆ.

ಊರಿನ ಸಭೆಗಳಲ್ಲಿ ‘ಕೋರಂ ಇಲ್ಲ, ಸಭೆ ಮುಂದಕ್ಕೆ ಹಾಕಿದರು’ ಅಂತೀವಲ್ಲ, ಆ ಕೋರಂ ಪದವೇ ಇಲ್ಲೂ ಬಳಕೆಯಲ್ಲಿದೆ. ಆದರೆ ಲೋಕಸಭೆಗೆ ಕೋರಂ ಹತ್ತನೇ ಒಂದು ಭಾಗ ಸದಸ್ಯರು ಇದ್ದರೆ ಸಾಕು. ಅಷ್ಟು ಕಡಿಮೆ ಸಾಕಾಗೋದು ಸಭಾಂಗಣ ಒಂದೇ ಆದ್ದರಿಂದ. ಒಂದೇ ಲೋಕಸಭೆ ಏಕಕಾಲಕ್ಕೆ ಎರಡು ಕಡೆ ಕೂತು ಎರಡು ಮಸೂದೆ ಪಾಸು ಮಾಡೋ ಹಾಗಿಲ್ಲ. ತಂತಿ ಕಡಿದಾಗ ಸರ್ವರ್‌ಗಳ ಸಭಾಂಗಣವೇ ಎರಡು ಹೋಳಾಗುತ್ತದೆ, ಎರಡೂ ಹೋಳಿನಲ್ಲಿ ಕೂತವರು ತಾವೇ ಸಭೆ ಅಂದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಬೇಕು.

ಥಾಮಸ್ ಅವರ ಪದ್ಧತಿಯಲ್ಲಿ ನಾಯಕ ಇರಲಿಲ್ಲ. ಪ್ರತಿ ಬದಲಾವಣೆಗೂ ಓಟು, ಜಗಳ ಬಂದರೆ ತಿರಸ್ಕಾರ, ಮತ್ತೆ ಹೊಸದಾಗಿ ಪ್ರಯತ್ನ. ಮುಂದೆ ಬಂದವರಿಗೆ ಬೇಕಾದದ್ದು ಒಂದರ ಹಿಂದೊಂದು ಬರುವ ಸಾವಿರಾರು ಆಜ್ಞೆಗಳನ್ನು ಎಲ್ಲ ಪ್ರತಿಗಳೂ ಒಂದೇ ಅನುಕ್ರಮದಲ್ಲಿ ಬರೆದುಕೊಳ್ಳೋದು. ಅದಕ್ಕೆ ಒಬ್ಬರು ಅನುಕ್ರಮ ಹೇಳುವವರಿದ್ದರೆ ಸಲೀಸು. ಆದರೆ ಆ ಒಬ್ಬರು ಸತ್ತರೆ? ಸತ್ತಿದ್ದಾರೆ ಅಂತ ಖಚಿತವಾಗಿ ತಿಳಿಯೋದಾದರೂ ಹೇಗೆ? ಉತ್ತರ ಬರಲಿಲ್ಲ ಅಂದರೆ ಯಂತ್ರ ಕೆಟ್ಟಿರಬಹುದು, ದಾರಿ ಕೆಟ್ಟಿರಬಹುದು, ಬರೀ ನಿಧಾನವೂ ಇರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತದೆ.

1988ರಲ್ಲಿ ಎಂಐಟಿಯ ಬ್ರಯನ್ ಓಕಿ ಮತ್ತು ಬಾರ್ಬರಾ ಲಿಸ್ಕೋವ್ ಇದಕ್ಕೊಂದು ಪೂರ್ತಿ ವಿಧಾನ ಕೊಟ್ಟರು, ಹೆಸರು ವ್ಯೂಸ್ಟ್ಯಾಂಪ್ಡ್ ರೆಪ್ಲಿಕೇಷನ್. ಪ್ರತಿ ನಾಯಕನ ಆಳ್ವಿಕೆಗೂ ಒಂದು ಸಂಖ್ಯೆ. ನಾಯಕ ಕಾಣದಾದಾಗ ಉಳಿದವರಲ್ಲಿ ಬಹುಮತ ಸೇರಿದರೆ ಹೊಸ ಆಳ್ವಿಕೆ. ಆದರೆ ಹೊಸ ಆಳ್ವಿಕೆ ಖಾಲಿ ಪುಸ್ತಕದಿಂದ ಶುರುವಾಗೋದಿಲ್ಲ. ಸೇರಿದವರಲ್ಲಿ ಯಾರ ಪುಸ್ತಕ ಎಲ್ಲಕ್ಕಿಂತ ಮುಂದಿದೆಯೋ ಅದರಿಂದ ಶುರುವಾಗಬೇಕು. ಆ ಶರತ್ತೇ ಇವತ್ತಿನ ನನ್ನ ವಿಷಯ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಲೆಸ್ಲಿ ಲ್ಯಾಂಪೋರ್ಟ್ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಡಿಇಸಿ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸಹೋದ್ಯೋಗಿಗಳು ಒಂದು ಫೈಲ್ ಸಿಸ್ಟಮ್ ಕಟ್ಟುತ್ತಿದ್ದರು. ಅವರು ಬಯಸುತ್ತಿರೋದು ಅಸಾಧ್ಯ ಅಂತ ಸಾಬೀತು ಮಾಡಲು ಇವರು ಹೊರಟರು. ಸಾಬೀತು ಮಾಡಲು ಹೋಗಿ ವಿಧಾನವೇ ಸಿಕ್ಕಿತು. ಅದನ್ನು ಪ್ಯಾಕ್ಸೋಸ್ ಅನ್ನುವ ಗ್ರೀಕ್ ದ್ವೀಪದ ಹಳೆಯ ಶಾಸನಸಭೆಯ ಕಥೆಯಾಗಿ ಬರೆದರು. ಸದಸ್ಯರು ವ್ಯಾಪಾರಕ್ಕೆಂದು ಸಭೆಯಿಂದ ಎದ್ದು ಹೋಗ್ತಾ ಬರ್ತಾ ಇರ್ತಾರೆ, ಪ್ರತಿಯೊಬ್ಬರ ಬಳಿಯೂ ಅವರದೇ ನಡವಳಿ ಪುಸ್ತಕ, ಯಾವ ಎರಡು ಪುಸ್ತಕದಲ್ಲೂ ವಿರುದ್ಧವಾದ ನಿರ್ಣಯ ಇರಬಾರದು. ಭಾಷಣ ಮಾಡುವಾಗ ಪುರಾತತ್ತ್ವಜ್ಞನ ವೇಷ ಬೇರೆ. 1990ರಲ್ಲಿ ಪತ್ರಿಕೆಗೆ ಕಳಿಸಿದರು. ಪರಿಶೀಲಕರು ದ್ವೀಪದ ಕಥೆ ತೆಗೆಯಿರಿ ಅಂದರು. ಇವರು ಬೇಸರಪಟ್ಟು ಹಾಗೇ ಬಿಟ್ಟರು. ಅದು ಅಚ್ಚಾದದ್ದು 1998ರಲ್ಲಿ, ಹಸ್ತಪ್ರತಿ ಸಂಪಾದಕರ ಕಚೇರಿಯ ಫೈಲು ಬೀರುವಿನ ಹಿಂದೆ ಸಿಕ್ಕಿತು ಅನ್ನುವ ಇನ್ನೊಂದು ತಮಾಷೆಯ ಜೊತೆ! ನನಗೆ ಆ ಕಥೆ ಇಷ್ಟ, ಆದರೆ ಪಾಠ ಮಾಡುವಾಗ ಅದು ಉಪಕಾರಕ್ಕಿಂತ ತೊಂದರೆಯನ್ನೇ ಹೆಚ್ಚು ಕೊಟ್ಟಿದೆ.

ಕಥೆ ಬಿಟ್ಟು ತಿರುಳು ನೋಡಿದರೆ ಪ್ಯಾಕ್ಸೋಸ್‌ನಲ್ಲೂ ಅದೇ ಶರತ್ತು. ಹೊಸ ನಾಯಕನಾಗ ಬಯಸುವ ಯಂತ್ರ ಮೊದಲು ಬಹುಮತದ ಯಂತ್ರಗಳನ್ನು ‘ನೀವು ಈಗಾಗಲೇ ಏನಾದರೂ ಒಪ್ಪಿದ್ದೀರಾ?’ ಅಂತ ಕೇಳಬೇಕು. ಒಪ್ಪಿದ್ದರೆ, ಅದರಲ್ಲಿ ಅತಿ ದೊಡ್ಡ ಸಂಖ್ಯೆಯ ಪ್ರಸ್ತಾವದ ಮೌಲ್ಯವನ್ನೇ ತಾನೂ ಮುಂದಿಡಬೇಕು. ತನ್ನದೇ ಬೇರೆ ಮಾತು ತರುವ ಸ್ವಾತಂತ್ರ್ಯ ಅದಕ್ಕಿಲ್ಲ.

2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ‘ರಾಫ್ಟ್’ ಪ್ರಕಟಿಸಿದರು. ಅವರ ಮುಖ್ಯ ಗುರಿ ಇದು ಕಲಿಯುವವರಿಗೆ ಅರ್ಥ ಆಗಬೇಕು ಅನ್ನೋದು. 43 ವಿದ್ಯಾರ್ಥಿಗಳಿಗೆ ಎರಡೂ ವಿಧಾನ ಕಲಿಸಿ ಪರೀಕ್ಷೆ ಮಾಡಿದರು. 33 ಮಂದಿ ಪ್ಯಾಕ್ಸೋಸ್‌ಗಿಂತ ರಾಫ್ಟ್ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರು. (ಇಲ್ಲೂ 43, ಅಲ್ಲೂ 43. ಕಾಕತಾಳೀಯ.) ನಾವೂ ರಾಫ್ಟ್ ಮೂಲಕವೇ ಆ ಶರತ್ತನ್ನು ನೋಡೋಣ. ಒಂದು ಕಲ್ಪಿತ ಉದಾಹರಣೆ, ನಮ್ಮ ಕಡೆಯ ಊರುಗಳನ್ನೇ ತಗೊಳ್ತೀನಿ.

ಐದು ಸರ್ವರ್‌ಗಳು: ಅತ್ತಿಬೆಲೆ, ಅವಲಪಲ್ಲಿ, ಹೊಸೂರು, ಶೂಲಗಿರಿ, ಕೃಷ್ಣಗಿರಿ. ಅವು ಇಟ್ಟುಕೊಳ್ಳುವ ಮೌಲ್ಯ ಒಂದೇ, ಇವತ್ತಿನ ಗುಲಾಬಿ ಕಟ್ಟಿನ ದರ. ದರ ಬದಲಾದಾಗಲೆಲ್ಲ ಪುಸ್ತಕದಲ್ಲಿ ಹೊಸ ಸಾಲು. ಈಗ 3ನೇ ಅವಧಿ ನಡೆಯುತ್ತಿದೆ, ನಾಯಕ ಕೃಷ್ಣಗಿರಿ. ಎಲ್ಲರ ಪುಸ್ತಕದಲ್ಲೂ 40ನೇ ಸಾಲಿನವರೆಗೆ ಒಂದೇ ಇದೆ.

ಮಂಡಿಯಿಂದ ದರ 140 ಅಂತ ಬಂತು. ಕೃಷ್ಣಗಿರಿ ಅದನ್ನು 41ನೇ ಸಾಲಾಗಿ ಬರೆದುಕೊಂಡು ಉಳಿದ ನಾಲ್ವರಿಗೂ ಕಳಿಸಿತು. ಹೊಸೂರು, ಶೂಲಗಿರಿ ಬರೆದುಕೊಂಡು ‘ಆಯ್ತು’ ಅಂದವು. ಕೃಷ್ಣಗಿರಿ ಸೇರಿ ಮೂರು. ಮಂಡಿಯವರಿಗೆ ‘ದರ ನಿಂತಿತು’ ಅಂತ ಉತ್ತರ ಹೋಯಿತು. ಅತ್ತಿಬೆಲೆ, ಅವಲಪಲ್ಲಿಗೆ ಅದು ಇನ್ನೂ ತಲುಪಿಲ್ಲ. ಅದಕ್ಕಾಗಿ ಕಾಯಬೇಕಿಲ್ಲ, ಬಹುಮತದ ಅನುಕೂಲವೇ ಅದು. ಆಮೇಲೆ ದರ 150 ಅಂತ ಇನ್ನೊಂದು ಬಂತು. ಕೃಷ್ಣಗಿರಿ 42ನೇ ಸಾಲು ಬರೆದು ಕಳಿಸಿತು, ಶೂಲಗಿರಿಗೆ ತಲುಪಿತು. ಅಷ್ಟರಲ್ಲಿ ಹೆದ್ದಾರಿ ಅಗಲ ಮಾಡುವ ಜೆಸಿಬಿ ಹೊಸೂರಿಗೂ ಶೂಲಗಿರಿಗೂ ನಡುವೆ ಫೈಬರ್ ಕತ್ತರಿಸಿತು.

ಕೆಳಗಡೆ ಶೂಲಗಿರಿ, ಕೃಷ್ಣಗಿರಿ ಇಬ್ಬರೇ. ಕೃಷ್ಣಗಿರಿ ತಾನಿನ್ನೂ ನಾಯಕ ಅಂದುಕೊಂಡೇ ಇದೆ, ಆದರೆ 150ಕ್ಕೆ ಮೂರನೇ ‘ಆಯ್ತು’ ಸಿಗುತ್ತಿಲ್ಲ. ಹಾಗಾಗಿ ಆ ದರ ಕಳಿಸಿದವರಿಗೆ ಉತ್ತರವೂ ಹೋಗಿಲ್ಲ. ಮೇಲ್ಗಡೆ ಮೂರು ಸರ್ವರ್‌ಗಳಿಗೆ ನಾಯಕನ ಹೃದಯಬಡಿತ, ಅಂದರೆ ಆಗಾಗ ಬರುವ ‘ಇದ್ದೀನಿ’ ಅನ್ನುವ ಸಂದೇಶ, ನಿಂತುಹೋಗಿದೆ. ರಾಫ್ಟ್‌ನಲ್ಲಿ ಪ್ರತಿ ಸರ್ವರ್ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನು ಚೀಟಿ ಎತ್ತಿದ ಹಾಗೆ ತಾನೇ ಆರಿಸಿಕೊಳ್ಳುತ್ತದೆ. ಮೂಲ ಪ್ರಬಂಧದಲ್ಲಿ ಸೂಚಿಸಿದ್ದು 150ರಿಂದ 300 ಮಿಲಿಸೆಕೆಂಡು. ಎಲ್ಲರೂ ಒಂದೇ ಕ್ಷಣಕ್ಕೆ ‘ನಾನು ನಾನು’ ಅಂತ ಎದ್ದು ಓಟು ಚದುರಿ ಹೋಗದಿರಲಿ ಅಂತ ಈ ಏರ್ಪಾಡು.

ಮೊದಲು ಅವಲಪಲ್ಲಿಯ ಗಡಿಯಾರ ಮುಗಿಯಿತು ಅಂತಿಟ್ಟುಕೊಳ್ಳಿ. ಅದು 4ನೇ ಅವಧಿ ಅಂತ ಘೋಷಿಸಿ ಓಟು ಕೇಳಿತು. ‘ನನ್ನ ಪುಸ್ತಕ 40ನೇ ಸಾಲಿಗೆ ಮುಗಿಯುತ್ತದೆ’ ಅಂತಲೂ ಹೇಳಬೇಕು, ಅದು ನಿಯಮ. ಅತ್ತಿಬೆಲೆಯದೂ 40ಕ್ಕೇ ಮುಗಿಯುತ್ತದೆ, ಅದು ಓಟು ಕೊಟ್ಟಿತು. ಹೊಸೂರು ತನ್ನ ಪುಸ್ತಕ ನೋಡಿಕೊಂಡಿತು. 3ನೇ ಅವಧಿಯ 41ನೇ ಸಾಲು ಇದೆ. ತನಗಿಂತ ಹಿಂದಿರುವವರಿಗೆ ಓಟು ಕೊಡುವ ಹಾಗಿಲ್ಲ. ಕೊಡಲಿಲ್ಲ. ಅವಲಪಲ್ಲಿಗೆ ತನ್ನದೂ ಸೇರಿ ಎರಡೇ ಓಟು. ನಮ್ಮೂರು ಸೋತಿತು!

ಹೊಸೂರು ಓಟು ಕೊಡದಿದ್ದರೂ 4ನೇ ಅವಧಿ ಶುರುವಾಗಿದೆ ಅನ್ನೋದನ್ನು ಮಾತ್ರ ಗುರುತು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಅದರ ಗಡಿಯಾರ ಮುಗಿದು 5ನೇ ಅವಧಿಗೆ ಓಟು ಕೇಳಿತು. ಅತ್ತಿಬೆಲೆ, ಅವಲಪಲ್ಲಿ ಎರಡೂ ಕೊಟ್ಟವು. ಮೂರು ಓಟು, ಹೊಸೂರು ನಾಯಕ. ಹೊಸ ದರ 160 ಬಂದಾಗ ಅದನ್ನು 5ನೇ ಅವಧಿಯ 42ನೇ ಸಾಲಾಗಿ ಬರೆದು, ಹಿಂದಿನ 41ನ್ನೂ ಸೇರಿಸಿ ಇಬ್ಬರಿಗೂ ಕಳಿಸಿತು. 140 ಎಲ್ಲೂ ಕಳೆದುಹೋಗಲಿಲ್ಲ.

ಫೈಬರ್ ಜೋಡಿಸಿದ ಮೇಲೆ ಏನಾಗುತ್ತೆ? ಕೃಷ್ಣಗಿರಿಗೆ 5ನೇ ಅವಧಿಯ ಸಂದೇಶ ಬರುತ್ತದೆ, ತನ್ನದು 3. ಮರುಮಾತಿಲ್ಲದೆ ಕೆಳಗಿಳಿಯುತ್ತದೆ. ಅದರ ಮತ್ತು ಶೂಲಗಿರಿಯ 42ನೇ ಸಾಲು, ಅಂದರೆ 150, ಅಳಿಸಿಹೋಗಿ ಆ ಜಾಗದಲ್ಲಿ 160 ಬರುತ್ತದೆ. ಇದು ಅನ್ಯಾಯ ಅಲ್ವಾ ಅಂತ ಹೋದ ವರ್ಷ ತರಗತಿಯಲ್ಲಿ ಒಬ್ಬರು ಕೇಳಿದ್ದರು. ಅಲ್ಲ. 150 ಕಳಿಸಿದವರಿಗೆ ‘ನಿಂತಿತು’ ಅಂತ ಯಾರೂ ಹೇಳಿರಲಿಲ್ಲ. ಹೇಳಿದ ಮಾತು ಉಳಿಯಬೇಕು ಅನ್ನೋದಷ್ಟೇ ಇಲ್ಲಿಯ ಭರವಸೆ. ಹೇಳದೇ ಇದ್ದದ್ದು ಉಳಿಯಬಹುದು, ಹೋಗಲೂಬಹುದು. ಹಾಗಾಗಿ ಉತ್ತರ ಬರದಿದ್ದಾಗ ಕಳಿಸಿದವರು ‘ಸೋತಿತು’ ಅಂತ ತೀರ್ಮಾನಿಸಬಾರದು. ಅದೇ ಕೋರಿಕೆಯನ್ನು ಅದೇ ಗುರುತುಸಂಖ್ಯೆಯೊಂದಿಗೆ ಮತ್ತೆ ಕಳಿಸಬೇಕು.

ಈಗ ಅವಲಪಲ್ಲಿ ಸೋತ ಜಾಗಕ್ಕೆ ಮತ್ತೆ ಬನ್ನಿ. ಹೊಸೂರು ಪುಸ್ತಕ ನೋಡದೆ ಓಟು ಕೊಟ್ಟಿದ್ದರೆ ಅವಲಪಲ್ಲಿಗೆ ಮೂರು ಓಟು ಸಿಗುತ್ತಿತ್ತು. ಪೂರ್ತಿ ಬಹುಮತ, ಒಬ್ಬನೇ ನಾಯಕ, ಎಲ್ಲ ಕ್ರಮಬದ್ಧ. ಆದರೆ ಆ ನಾಯಕನ ಪುಸ್ತಕದಲ್ಲಿ 140 ಇಲ್ಲ. ಮಂಡಿಗೆ ಕೊಟ್ಟ ಮಾತು ಹೋಯಿತು. ಸಾಕ್ಷಿ ಸಭೆಯಲ್ಲಿ ಕೂತಿತ್ತು, ಅದನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಗಿಟ್‌ಹಬ್‌ನಲ್ಲಿ 2018ರಲ್ಲಿ ಆದದ್ದು ಇದಕ್ಕೆ ತೀರಾ ಹತ್ತಿರ. ಅವರ ವಿವರಗಳು ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಇದ್ದವು. ಬರೆಯುವ ಮುಖ್ಯ ಪ್ರತಿ ಪೂರ್ವ ಕರಾವಳಿಯಲ್ಲಿ, ನಕಲು ಪಶ್ಚಿಮ ಕರಾವಳಿಯಲ್ಲಿ. ಯಾವ ಪ್ರತಿ ಮುಖ್ಯ ಅನ್ನೋದನ್ನು ನೋಡಿಕೊಳ್ಳಲು ಆರ್ಕೆಸ್ಟ್ರೇಟರ್ ಅನ್ನುವ ಬೇರೆ ಒಂದು ಪ್ರೋಗ್ರಾಮ್. ಅದರ ಪ್ರತಿಗಳು ಮೂರು ಕಡೆ ಇದ್ದವು: ಪೂರ್ವದ ಡೇಟಾ ಸೆಂಟರ್, ಪಶ್ಚಿಮದ ಡೇಟಾ ಸೆಂಟರ್, ಪೂರ್ವದ ಸಾರ್ವಜನಿಕ ಕ್ಲೌಡ್. ಅವು ತಮ್ಮತಮ್ಮಲ್ಲಿ ರಾಫ್ಟ್ ಬಳಸುತ್ತಿದ್ದವು. ಸಂಪರ್ಕ ಕಡಿದಾಗ ಪೂರ್ವದ ಡೇಟಾ ಸೆಂಟರ್ ಒಂಟಿಯಾಯಿತು. ಉಳಿದ ಎರಡು ಕಡೆಯವು ಸೇರಿದರೆ ಬಹುಮತ. ನಿಯಮದ ಪ್ರಕಾರ ಹೊಸ ನಾಯಕ ಬಂತು, ನಿಯಮದ ಪ್ರಕಾರವೇ ‘ಇನ್ನು ಬರೆಯೋದು ಪಶ್ಚಿಮದಲ್ಲಿ’ ಅಂತ ತೀರ್ಮಾನಿಸಿತು.

ಓಟು ಹಾಕಿದ್ದು ಆರ್ಕೆಸ್ಟ್ರೇಟರ್‌ಗಳು. ಅವುಗಳ ಪುಸ್ತಕದಲ್ಲಿ ಇದ್ದದ್ದು ಡೇಟಾಬೇಸಿನ ಜೋಡಣೆ ಹೇಗಿದೆ ಅನ್ನೋ ವಿಷಯ. ಬಳಕೆದಾರರು ಬರೆದ ಸಾಲುಗಳು ಅಲ್ಲಿ ಇರಲಿಲ್ಲ. ಅವು ಮೈಎಸ್‌ಕ್ಯುಎಲ್‌ನಲ್ಲಿ, ಪಶ್ಚಿಮದ ನಕಲು ಪೂರ್ವಕ್ಕಿಂತ ಕೆಲವು ಕ್ಷಣ ಹಿಂದೆ ಇತ್ತು. ಪೂರ್ವದಲ್ಲಿ ಬರೆದು, ಬಳಕೆದಾರರಿಗೆ ‘ಆಯ್ತು’ ಅಂತ ಹೇಳಿ, ಪಶ್ಚಿಮಕ್ಕೆ ಇನ್ನೂ ತಲುಪದೆ ಇದ್ದ ಬರಹಗಳು ಅಲ್ಲೇ ಉಳಿದವು. ಅವರ ಹೆಚ್ಚು ಬಳಕೆಯ ಒಂದು ಕ್ಲಸ್ಟರ್‌ನಲ್ಲಿ ಅಂಥವು 954 ಇದ್ದವಂತೆ. ಪಶ್ಚಿಮದಲ್ಲೂ ಹೊಸ ಬರಹಗಳು ಬರತೊಡಗಿದವು, ಅರ್ಧ ಗಂಟೆ ಮೀರಿ. ಈಗ ಪೂರ್ವದಲ್ಲಿ ಇರೋದು ಪಶ್ಚಿಮದಲ್ಲಿಲ್ಲ, ಪಶ್ಚಿಮದ್ದು ಪೂರ್ವದಲ್ಲಿಲ್ಲ. ಯಾವುದನ್ನೂ ಸುಮ್ಮನೆ ಎಸೆಯೋ ಹಾಗಿಲ್ಲ. ಕೊನೆಗೆ ಬ್ಯಾಕಪ್‌ನಿಂದ ಮತ್ತೆ ತುಂಬಿ, ನಕಲುಗಳನ್ನು ಒಂದೊಂದಾಗಿ ಸರಿದೂಗಿಸಿದರು. ಒಂದು ದಿನ ಹಿಡಿದದ್ದು ಅದಕ್ಕೆ.

ಅಂದರೆ ನಾಯಕನ ಮೇಲೆ ಬಹುಮತ ಇತ್ತು, ಮೌಲ್ಯದ ಮೇಲೆ ಇರಲಿಲ್ಲ. ಬರೆಯುವ ಪ್ರತಿ ಸಾಲಿಗೂ ಎರಡೂ ಕರಾವಳಿಯ ಒಪ್ಪಿಗೆ ಕಾಯಬೇಕಿತ್ತು ಅಂತ ನಾನು ಹೇಳೋದು ಸುಲಭ. ಖಂಡದ ಈ ತುದಿಯಿಂದ ಆ ತುದಿಗೆ ಹೋಗಿ ಬರುವ ಸಮಯವನ್ನು ಪ್ರತಿ ಬರಹವೂ ಹೊರಬೇಕಾಗುತ್ತದೆ. ಅವರು ಆ ಬೆಲೆ ಬೇಡ ಅಂದಿದ್ದರು. ಆ ಆಯ್ಕೆ ತಪ್ಪು ಅಂತ ನಾನು ಹೇಳಲಾರೆ. ಆದರೆ ಆ ಆಯ್ಕೆ ಮಾಡಿದ ಮೇಲೆ, ಮಾತು ಉಳಿಯುತ್ತದೋ ಇಲ್ಲವೋ ತಿಳಿಯದ ಯಂತ್ರಕ್ಕೆ ಖಂಡ ದಾಟಿ ನಾಯಕನನ್ನು ಬದಲಿಸುವ ಅಧಿಕಾರ ಕೊಟ್ಟದ್ದು ತಪ್ಪು. ಘಟನೆಯ ನಂತರ ಅವರು ಮೊದಲು ಬದಲಿಸಿದ್ದೂ ಅದನ್ನೇ: ಆರ್ಕೆಸ್ಟ್ರೇಟರ್ ಪ್ರಾಂತದ ಗಡಿ ದಾಟಿ ಮುಖ್ಯ ಪ್ರತಿಯನ್ನು ಬದಲಿಸದಂತೆ ಮಾಡಿದರು.

ಇನ್ನು ಪ್ರಶ್ನೆಗಳು.

ಮೊದಲನೆಯದು ಒಬ್ಬ ವಿದ್ಯಾರ್ಥಿನಿಯದು: ‘ಸರ್, ಫೈಬರ್ ಕಡಿದಿದ್ದಾಗ ಶೂಲಗಿರಿ ಕಡೆಯ ಯಾರಾದರೂ ಕೃಷ್ಣಗಿರಿಯನ್ನು ದರ ಎಷ್ಟು ಅಂತ ಬರೀ ಕೇಳಿದರೆ?’ ಒಳ್ಳೆಯ ಪ್ರಶ್ನೆ ಅಮ್ಮಾ, ನಾನು ಹಾರಿಸಿಬಿಟ್ಟಿದ್ದೆ. ಕೃಷ್ಣಗಿರಿ ತಾನಿನ್ನೂ ನಾಯಕ ಅಂದುಕೊಂಡಿದೆ. ತನ್ನ ಪುಸ್ತಕ ನೋಡಿ 140 ಅಂತ ಹೇಳಿಬಿಟ್ಟರೆ ತಪ್ಪು, ಮೇಲ್ಗಡೆ ಆಗಲೇ 160 ನಿಂತಿದೆ. ಬರೆಯೋದಕ್ಕೆ ಬಹುಮತ ಇಟ್ಟು ಓದೋದಕ್ಕೆ ಮರೆಯುವವರು ಬಹಳ. ಗಿಫರ್ಡ್ 1979ರಲ್ಲೇ ಓದುವ ಓಟನ್ನೂ ಲೆಕ್ಕಕ್ಕೆ ಹಿಡಿದದ್ದು ಇದಕ್ಕೇ. ರಾಫ್ಟ್‌ನಲ್ಲಿ ಉತ್ತರ ಕೊಡುವ ಮೊದಲು ನಾಯಕ ಒಂದು ಸುತ್ತು ಹೃದಯಬಡಿತ ಕಳಿಸಿ, ಬಹುಮತ ಇನ್ನೂ ತನ್ನ ಜೊತೆ ಇದೆಯಾ ಅಂತ ನೋಡಿಕೊಳ್ಳಬೇಕು. ಕೃಷ್ಣಗಿರಿ ಹಾಗೆ ಕಳಿಸಿದರೆ ಶೂಲಗಿರಿ ಒಂದೇ ಓಗೊಡುತ್ತದೆ, ಆಗ ಅದು ದರ ಹೇಳದೆ ಸುಮ್ಮನಿರಬೇಕು. ಆ ಕಡೆಯವರಿಗೆ ಅಷ್ಟು ಹೊತ್ತು ದರವೇ ಸಿಗೋದಿಲ್ಲ, ಹೌದು.

ಎರಡನೆಯದು, ಇದನ್ನೆಲ್ಲ ಕಣ್ಣಿಂದ ನೋಡೋದು ಹೇಗೆ ಅಂತ. ಕುಬರ್ನೆಟೀಸ್ ತನ್ನ ವಿವರಗಳನ್ನು ಇಡುವ ಇಟಿಸಿಡಿ ರಾಫ್ಟ್ ಮೇಲೆಯೇ ನಿಂತಿದೆ. ಲ್ಯಾಪ್‌ಟಾಪಿನಲ್ಲೇ ಮೂರು ಪ್ರತಿ ಓಡಿಸಿ ಈ ಆಜ್ಞೆ ಕೊಡಿ:

```
etcdctl endpoint status --cluster -w table
```

ಬರುವ ಕೋಷ್ಟಕದಲ್ಲಿ `IS LEADER`, `RAFT TERM`, `RAFT INDEX` ಅನ್ನುವ ಕಾಲಮ್‌ಗಳಿವೆ. ಎರಡನೆಯದು ನಾನು ಅವಧಿ ಅಂದದ್ದು, ಮೂರನೆಯದು ಪುಸ್ತಕದ ಸಾಲು. ನಾಯಕನನ್ನು ಕೊಂದು ಮತ್ತೆ ಅದೇ ಆಜ್ಞೆ ಕೊಟ್ಟರೆ ಅವಧಿ ಏರಿರುತ್ತದೆ, ಸಾಲಿನ ಸಂಖ್ಯೆ ಹಿಂದಕ್ಕೆ ಹೋಗಿರುವುದಿಲ್ಲ. ಎರಡನ್ನು ಕೊಂದು ಏನಾದರೂ ಬರೆಯಲು ನೋಡಿ, ಉಳಿದ ಒಂದು ಒಪ್ಪೋದಿಲ್ಲ. ಯಾರನ್ನೂ ಕೊಲ್ಲದೆ ಅವಧಿ ತಾನಾಗಿ ಮತ್ತೆ ಮತ್ತೆ ಏರುತ್ತಿದ್ದರೆ ನಾಯಕನ ಹೃದಯಬಡಿತ ಹೊತ್ತಿಗೆ ತಲುಪುತ್ತಿಲ್ಲ ಅಂತ ಅರ್ಥ. ಇಟಿಸಿಡಿ ಮಾಮೂಲಿಯಾಗಿ 100 ಮಿಲಿಸೆಕೆಂಡಿಗೊಮ್ಮೆ ಅದನ್ನು ಕಳಿಸಿ 1000 ಮಿಲಿಸೆಕೆಂಡು ಕಾಯುತ್ತದೆ. ಅಷ್ಟು ತಡವಾಗುತ್ತಿದ್ದರೆ ನೆಟ್‌ವರ್ಕ್ ನೋಡುವ ಮೊದಲು ಡಿಸ್ಕ್ ನೋಡಿ. ಪ್ರತಿ ಸಾಲನ್ನೂ ಡಿಸ್ಕಿಗೆ ಇಳಿಸಿದ ಮೇಲೆಯೇ ‘ಆಯ್ತು’ ಅನ್ನಬೇಕಾದ್ದರಿಂದ ನಿಧಾನದ ಡಿಸ್ಕ್ ಒಂದೇ ಸಾಕು, ಬದುಕಿರುವ ನಾಯಕ ಸತ್ತ ಹಾಗೆ ಕಾಣೋದಕ್ಕೆ.